ಹುಷಾರಪ್ಪ ಕೊಟ್ಟ ಖಾತೆ ಸಂಖ್ಯೆ

ಆ ಬೀದಿಯವರು ಅವನನ್ನು ಎದುರಿಗೆ ‘ಮಾಸ್ಟ್ರೇ’ ಎನ್ನುತ್ತಿದ್ದರು, ಬೆನ್ನ ಹಿಂದೆ ‘ಹುಷಾರಪ್ಪ’ ಎನ್ನುತ್ತಿದ್ದರು. ಮೊದಲನೆಯದು ಅವನ ಕತ್ತರಿಗೆ ಸಂದ ಗೌರವ. ಎರಡನೆಯದು ಅವನೇ ವರ್ಷಗಟ್ಟಲೆ ದುಡಿದು ಸಂಪಾದಿಸಿಕೊಂಡದ್ದು.

ಅವನ ಕ್ಷೌರದಂಗಡಿಯ ಶಟರಿಗೆ ಮೂರು ಬೀಗ. ಮೂರನೆಯದರ ಕೀಲಿಯನ್ನು ಯಾರಿಗೂ ಸಿಗದ ಜಾಗದಲ್ಲಿ ಇಡುತ್ತಿದ್ದ, ಹಾಗಾಗಿ ಅವನಿಗೂ ಸಿಗುತ್ತಿರಲಿಲ್ಲ. ವರ್ಷಕ್ಕೆ ಎರಡು ಸಲವಾದರೂ ಬೀಗ ಒಡೆಸಬೇಕಾಗುತ್ತಿತ್ತು. ಒಡೆಸಿದ ದಿನ ಗಿರಾಕಿಗಳ ಮುಂದೆ, “ನೋಡಿ, ಯಜಮಾನ ನನಗೇ ತೆಗೆಯೋಕಾಗಲಿಲ್ಲ. ಕಳ್ಳನ ಕೈಲಿ ಆಗುತ್ತಾ?” ಎಂದು ಎದೆಯುಬ್ಬಿಸುತ್ತಿದ್ದ. ಹೋಟೆಲಿನಲ್ಲಿ ಚಹಾ ಕುಡಿಯಬೇಕಾದರೆ ಮೊದಲು ಒಳಗೆ ಹೋಗಿ ಲೋಟ ತೊಳೆಯುವವನ ಕೈ ನೋಡಿ ಬರುತ್ತಿದ್ದ. ಔಷಧಿ ಅಂಗಡಿಯವನು ಕೊಟ್ಟ ಮಾತ್ರೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಅದರಲ್ಲಿ ಏನು ಕಾಣಬೇಕೆಂದು ಅವನಿಗೂ ಗೊತ್ತಿರಲಿಲ್ಲ, ಆದರೆ ನೋಡುವುದನ್ನು ಔಷಧಿಯವನು ನೋಡಬೇಕು, ಅಷ್ಟೆ. ನಲವತ್ತೇಳು ವರ್ಷದ ಬದುಕಿನಲ್ಲಿ ತಾನು ಒಂದು ಸಲವೂ ಮೋಸ ಹೋಗಿಲ್ಲ ಎನ್ನುವುದು ಅವನ ಏಕಮಾತ್ರ ಆಸ್ತಿ. ಅವನಿಗೆ ಮೋಸ ಮಾಡುವಷ್ಟು ಆಸ್ತಿ ಅವನ ಹತ್ತಿರ ಎಂದೂ ಇರಲಿಲ್ಲ ಎನ್ನುವುದು ಹೆಂಡತಿಗೆ ಗೊತ್ತಿತ್ತು. ಅವಳು ಅದನ್ನು ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಹೇಳದೆ ಉಳಿಸಿಕೊಂಡ ಇಂಥ ಮಾತುಗಳನ್ನೆಲ್ಲ ಒಟ್ಟು ಮಾಡಿದರೆ ಅಂಗಡಿಯ ಅಟ್ಟ ತುಂಬುತ್ತಿತ್ತು.

ಅವಳದೂ ಕೂದಲಿನ ಕೆಲಸವೇ. ಮನೆಯಿದ್ದದ್ದು ಅಂಗಡಿಯ ಹಿಂಭಾಗದಲ್ಲಿ. ಅಡುಗೆಮನೆಯ ಪಕ್ಕದ ಬಚ್ಚಲೇ ಅವಳ ಅಂಗಡಿ. ಬೀದಿಯ ಹೆಂಗಸರು ಮಧ್ಯಾಹ್ನ ಹೊತ್ತು ಬಂದು, ಕುಳ್ಳಗಿನ ಸ್ಟೂಲಿನ ಮೇಲೆ ಕೂತು, ಬಕೆಟ್ಟಿನ ಮೇಲೆ ತಲೆ ಬಗ್ಗಿಸುತ್ತಿದ್ದರು. ಅವಳು ಚೊಂಬಿನಿಂದ ನೀರು ಹೊಯ್ದು, ತೊಳೆದು, ಬಣ್ಣ ಹಚ್ಚಿ, ತುದಿ ಕತ್ತರಿಸಿ ಕಳಿಸುತ್ತಿದ್ದಳು. ಅವರ ಕಣ್ಣಿಗೆ ನೊರೆ ಇಳಿಯುತ್ತಿತ್ತು, ಸೊಂಟ ಹಿಡಿದುಕೊಳ್ಳುತ್ತಿತ್ತು. ಆದರೂ ಬರುತ್ತಿದ್ದರು. ನೆತ್ತಿಯ ಮೇಲೆ ಬೆರಳಾಡಿಸುವಾಗ ಅವರ ಮನಸ್ಸಿನಲ್ಲಿರುವುದು ಅವಳ ಬೆರಳಿಗೆ ತಿಳಿಯುತ್ತದೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಹಾಗೇನೂ ಇರಲಿಲ್ಲ. ಅವಳಿಗೆ ಅವಸರವಿರಲಿಲ್ಲ, ಅಷ್ಟೇ.

ಅಂಗಡಿಗೆ ಅಂಟಿಕೊಂಡ ಪಕ್ಕದ ಕೋಣೆ ಖಾಲಿಯಾದಾಗ ಅವಳು ಕಟ್ಟಡದ ಯಜಮಾನಿಯ ಬಳಿಗೆ ಹೋದಳು. ಯಜಮಾನಿ ಮೇಲಿನ ಮಹಡಿಯಲ್ಲಿದ್ದುದರಿಂದ ಎಲ್ಲರಿಗೂ ಮಹಡಿಯಮ್ಮ.

“ಕೋಣೆ ಕೊಡ್ತೀನಿ ಕಣೇ,” ಎಂದಳು ಮಹಡಿಯಮ್ಮ. “ಆದ್ರೆ ನೀನು ಕೆಲಸ ಶುರು ಮಾಡದೆ ಬಾಡಿಗೆ ಎಲ್ಲಿಂದ ತರ್ತೀಯ? ತಲೆ ತೊಳೆಯೋ ಕುರ್ಚಿ ಬೇಕು ಅಂತೀಯಲ್ಲ, ಅದು ಬಂದ ದಿನ ಬೀಗದ ಕೈ ತಗೋ. ಮುಂದಿನ ತಿಂಗಳ ಕೊನೆವರೆಗೂ ಕಾಯ್ತೀನಿ. ಆಮೇಲೆ ಮೊಬೈಲ್ ರಿಪೇರಿಯವನಿಗೆ ಕೊಟ್ಟುಬಿಡ್ತೀನಿ, ಅವನು ದಿನಾ ಮೆಟ್ಟಿಲು ಹತ್ತಿ ಪೀಡಿಸ್ತಿದಾನೆ.”

ಕುರ್ಚಿ ಎಂದರೆ ಹಿಂದಕ್ಕೆ ಒರಗಿ ತಲೆಯನ್ನು ಬೇಸಿನ್ನಿನ ಮೇಲೆ ಇಡುವಂಥದ್ದು. ಹದಿನಾಲ್ಕು ಸಾವಿರ. ಬಚ್ಚಲಿನಲ್ಲಿ ಮೂರು ವರ್ಷ ತಲೆ ತೊಳೆದು ಅವಳು ಹಿಟ್ಟಿನ ಡಬ್ಬದ ತಳದಲ್ಲಿ ಕೂಡಿಟ್ಟದ್ದು ಸರಿಯಾಗಿ ಅಷ್ಟೇ ಇತ್ತು. ಪೇಟೆಯಲ್ಲಿ ಸಲೂನ್ ಸಾಮಾನಿನ ಅಂಗಡಿಯಿತ್ತು, ಹೋಗಿ ಕೂತು ನೋಡಿ ತರಬಹುದಿತ್ತು. ಆದರೆ ಗಂಡ ಬಿಡಲಿಲ್ಲ.

“ಅಂಗಡಿಯವರು ನಿನ್ನ ಮುಖ ನೋಡಿನೇ ಎರಡು ಸಾವಿರ ಜಾಸ್ತಿ ಹೇಳ್ತಾರೆ. ಆನ್‌ಲೈನಲ್ಲಿ ತರಿಸೋಣ. ಕ್ಯಾಶ್ ಆನ್ ಡೆಲಿವರಿ. ವಸ್ತು ಕೈಗೆ, ದುಡ್ಡು ಕೈಗೆ. ಬ್ಯಾಂಕು, ಕಾರ್ಡು, ಅದೂ ಇದೂ ಯಾವುದೂ ಅವರಿಗೆ ಗೊತ್ತಾಗಬಾರದು. ಈ ವ್ಯವಹಾರ ನಿನಗೆ ತಿಳಿಯಲ್ಲ, ಬಿಡು ನನಗೆ.”

ಬಿಟ್ಟಳು.

ಕುರ್ಚಿ ಬಂದ ದಿನ ಅವನು ಪೆಟ್ಟಿಗೆಯ ಸುತ್ತ ಮೂರು ಪ್ರದಕ್ಷಿಣೆ ಹಾಕಿದ. ಟೇಪು ಎಲ್ಲಾದರೂ ಹರಿದು ಮತ್ತೆ ಅಂಟಿಸಿದ್ದಾರೆಯೇ ಎಂದು ಉಗುರಿನಲ್ಲಿ ಕೆರೆದು ನೋಡಿದ. ಡೆಲಿವರಿಯವನು ಹಣೆಯ ಬೆವರು ಒರೆಸಿಕೊಳ್ಳುತ್ತ, “ಬೇಗ ಮಾಡಿ ಸಾರ್, ಇನ್ನೂ ಇಪ್ಪತ್ತು ಮನೆ ಇದೆ,” ಎಂದ. “ಅವಸರ ಮಾಡೋರನ್ನ ನಂಬಬಾರದು” ಎಂದು ಅವನ ಮುಖಕ್ಕೇ ಹೇಳಿ, ಹದಿನಾಲ್ಕು ಸಾವಿರವನ್ನು ಎರಡು ಸಲ ಎಣಿಸಿ, ಅವನ ಕೈಲೂ ಎಣಿಸಿ ಕೊಟ್ಟ. ಗಾಡಿ ಹೋದ ಮೇಲೆ ಪೆಟ್ಟಿಗೆ ಬಿಚ್ಚಿದರು. ಅವಳು ಬೇಸಿನ್ನಿಗೆ ಒಂದು ಚೊಂಬು ನೀರು ಹೊಯ್ದಳು. ನೀರು ಅವಳ ಪಾದದ ಮೇಲೆ ಬಿತ್ತು. ಅಂಚಿನಿಂದ ತೂತಿನವರೆಗೆ ಬೇಸಿನ್ ಸೀಳುಬಿಟ್ಟಿತ್ತು.

“ಟೇಪು ಚೆನ್ನಾಗಿತ್ತಲ್ಲ!” ಎಂದ ಅವನು.

ಫೋಟೋ ತೆಗೆದು ಕಳಿಸಿದ್ದಾಯಿತು, ಬೇರೆ ಕುರ್ಚಿ ಕೊಡಿ ಎಂದು ಕೇಳಿದ್ದಾಯಿತು. ಎರಡು ದಿನದಲ್ಲಿ ಒಬ್ಬ ಬಂದು ಒಡೆದದ್ದನ್ನು ಹೊತ್ತುಕೊಂಡು ಹೋದ. ಅದಾಗಿ ನಾಲ್ಕು ದಿನಕ್ಕೆ ಕಂಪನಿಯಿಂದ ಸುದ್ದಿ ಬಂತು: ಆ ಕುರ್ಚಿ ಈಗ ದಾಸ್ತಾನಿನಲ್ಲಿಲ್ಲ, ಆರ್ಡರ್ ರದ್ದು ಮಾಡಿದ್ದೇವೆ, ನೀವು ನಗದು ಕೊಟ್ಟಿರುವುದರಿಂದ ಹಣ ವಾಪಸು ಕಳಿಸಲು ನಿಮ್ಮ ಬ್ಯಾಂಕ್ ಖಾತೆಯ ವಿವರ ತುಂಬಿ. ಆರ್ಡರ್ ಯಾರ ಹೆಸರಿನಲ್ಲಿದೆಯೋ ಅವರದೇ ಖಾತೆ ಆಗಬೇಕು.

ಅವನು ಪಾಸ್‌ಬುಕ್ ತೆಗೆದುಕೊಂಡು ಕೋಣೆಯ ಬಾಗಿಲು ಹಾಕಿಕೊಂಡ. ಹೆಂಡತಿ ಹೊರಗಿನಿಂದ, “ನಾನು ಓದಿ ಹೇಳ್ಲಾ?” ಎಂದಳು.

“ಗಟ್ಟಿಯಾಗಿ ಓದೋದಾ? ನಿನಗೇನಾದ್ರೂ ಬುದ್ಧಿ ಇದೆಯಾ? ಗೋಡೆಯಾಚೆ ಯಾರಿರ್ತಾರೋ!”

ಗೋಡೆಯಾಚೆ ಖಾಲಿ ಕೋಣೆ ಮಾತ್ರ ಇತ್ತು.

ಅರ್ಧ ಗಂಟೆಯ ನಂತರ ಯುದ್ಧ ಗೆದ್ದವನಂತೆ ಹೊರಗೆ ಬಂದ. “ಆಯ್ತು. ಒಂದು ವಾರದಲ್ಲಿ ಬರುತ್ತೆ.” ಮುಖದಲ್ಲಿ ಅವಳಿಗೆ ಪರಿಚಿತವಾದ ಒಂದು ಸಣ್ಣ ನಗೆಯಿತ್ತು. ಅಂಗಡಿಗೆ ಬಂದ ಮಾರಾಟಗಾರರು ಫೋನ್ ನಂಬರ್ ಕೇಳಿದಾಗ ಒಂದು ಅಂಕಿ ತಪ್ಪಿಸಿ ಹೇಳಿ ಕಳಿಸಿದ ಮೇಲೆ ಬರುವ ನಗೆ ಅದು. ಅವಳು ಗಮನಿಸಿದಳು, ಆದರೆ ಒಲೆಯ ಮೇಲೆ ಹಾಲಿತ್ತು.

ಒಂದು ವಾರ ಹೋಯಿತು, ಎರಡು ವಾರವೂ ಹೋಯಿತು. ಅವಳು ಕೇಳಿದಾಗೆಲ್ಲ ಅವನು ಒಂದೊಂದು ದಿನ ಒಂದೊಂದು ಕಾರಣ ಹೇಳಿದ. ಬ್ಯಾಂಕಿಗೆ ರಜೆ, ಕಂಪನಿಯವರು ಬಡ್ಡಿ ತಿನ್ನುತ್ತಿದ್ದಾರೆ, ದೊಡ್ಡವರ ಲೆಕ್ಕವೇ ಹಾಗೆ. ಪಕ್ಕದ ಕೋಣೆಯ ಬಾಗಿಲನ್ನು ಅವಳು ದಿನವೂ ದಾಟಿ ಹೋಗುತ್ತಿದ್ದಳು. ಬಾಗಿಲ ಮೇಲಿನ ಗಾಜಿನ ಕಿಂಡಿಯಿಂದ ಮಧ್ಯಾಹ್ನದ ಬಿಸಿಲು ಖಾಲಿ ನೆಲದ ಮೇಲೆ ಚೌಕವಾಗಿ ಬೀಳುವುದು ಕಾಣುತ್ತಿತ್ತು. ಕುರ್ಚಿಯನ್ನು ಅಲ್ಲಿ ಇಟ್ಟರೆ ಒರಗಿದವರ ಕಣ್ಣಿಗೆ ಬೆಳಕು ಕುಕ್ಕುತ್ತದೆ, ಸ್ವಲ್ಪ ಎಡಕ್ಕೆ ಇಡಬೇಕು ಎಂದು ಅವಳು ಲೆಕ್ಕ ಹಾಕಿಕೊಂಡಿದ್ದಳು.

ಮಹಡಿಯಮ್ಮ ಹೇಳಿದ್ದ ತಿಂಗಳು ಮುಗಿಯಲು ಹತ್ತು ದಿನ ಉಳಿದಿದ್ದಾಗ, ಒಂದು ಬೆಳಿಗ್ಗೆ ಅವಳು ಅಂಗಡಿಗೆ ಚಹಾ ತಂದಳು. ಕುರ್ಚಿಯಲ್ಲಿ ನಿವೃತ್ತ ಶಾಲಾ ಮೇಷ್ಟ್ರು ಕೆನ್ನೆ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದರು. ಬೆಂಚಿನ ಮೇಲೆ ಹಾರ್ಡ್‌ವೇರ್ ಅಂಗಡಿಯವನು ಪೇಪರು ಓದುತ್ತಿದ್ದ.

“ಏನ್ ಮಾಸ್ಟ್ರೇ, ಕುರ್ಚಿ ದುಡ್ಡು ಬಂತಾ?” ಎಂದ ಹಾರ್ಡ್‌ವೇರಿನವನು, ಪೇಪರಿನಿಂದ ತಲೆಯೆತ್ತದೆ.

“ಬರದೆ ಎಲ್ಲಿಗೆ ಹೋಗುತ್ತೆ? ಆದ್ರೆ ನೋಡಿ, ಈ ನಡುವೆ ಕಳ್ಳರಿಗೆ ಹೇಗೋ ವಾಸನೆ ಹತ್ತಿಬಿಟ್ಟಿದೆ. ಮೆಸೇಜ್ ಮೇಲೆ ಮೆಸೇಜ್. ‘ನಿಮ್ಮ ರೀಫಂಡ್ ಆಗಿಲ್ಲ, ಆ್ಯಪಿಗೆ ಹೋಗಿ ಖಾತೆ ವಿವರ ಸರಿಪಡಿಸಿ’ ಅಂತೆ! ನಾನು ಬಿಡ್ತೀನಾ? ಬ್ಲಾಕ್! ಇನ್ನೊಂದು ನಂಬರಿಂದ ಬಂತು. ಅದೂ ಬ್ಲಾಕ್! ಆಮೇಲೆ ಯಾಕೆ ತಲೆನೋವು ಅಂತ ಆ್ಯಪ್ ಇದೆಯಲ್ಲ, ಅದನ್ನೇ ಕಿತ್ತುಹಾಕಿದೆ.”

ಮೇಷ್ಟ್ರು ನೊರೆಯ ಒಳಗಿನಿಂದ, “ಕಂಪನಿಯವರೇ ಕಳಿಸಿರಬಹುದಲ್ಲಪ್ಪ?” ಎಂದರು.

“ಮಾತಾಡಬೇಡಿ ಮೇಷ್ಟ್ರೇ, ಕತ್ತಿ ಗಲ್ಲದ ಮೇಲಿದೆ.”

ಅವಳು ಚಹಾದ ಲೋಟಗಳನ್ನು ಕನ್ನಡಿಯ ಮುಂದಿನ ಹಲಗೆಯ ಮೇಲೆ ಇಟ್ಟಳು. ಕನ್ನಡಿಯಲ್ಲಿ ಗಂಡನ ಮುಖ ಕಂಡಿತು. ಸಂತೃಪ್ತವಾದ, ಚೆನ್ನಾಗಿ ಬೋಳಿಸಿದ ಮುಖ. ಇಷ್ಟು ನುಣ್ಣಗಿರುವುದರ ಒಳಗೆ ಏನೂ ಇಲ್ಲದಿರಬಹುದು ಎಂದು ಅವಳಿಗೆ ಅನ್ನಿಸಿತು.

ಮಧ್ಯಾಹ್ನ ಅವಳು ಅವನನ್ನು ಬ್ಯಾಂಕಿಗೆ ಹೊರಡಿಸಿದಳು. ಬರುವುದಿಲ್ಲ ಎಂದವನು, ಬ್ಯಾಂಕಿನವರೇ ದುಡ್ಡು ನುಂಗಿರಬಹುದು ಎಂದು ಅವಳು ಹೇಳಿದ ತಕ್ಷಣ ಚಪ್ಪಲಿ ಮೆಟ್ಟಿದ. ಕೌಂಟರಿನಲ್ಲಿ ಕನ್ನಡಕ ಹಾಕಿದ ಹೆಂಗಸೊಬ್ಬಳು ಪಾಸ್‌ಬುಕ್ ತೆಗೆದುಕೊಂಡು ಕಂಪ್ಯೂಟರಿನಲ್ಲಿ ನೋಡಿದಳು.

“ನಿಮ್ಮ ಖಾತೆಗೆ ಯಾವ ದುಡ್ಡೂ ಬಂದಿಲ್ಲ ಸಾರ್.”

“ಹೆಸರು ಹಾಕಿ ಹುಡುಕಿ ಮೇಡಂ. ಹೆಸರು ಸರಿಯಾಗಿ ಕೊಟ್ಟಿದೀನಿ.”

“ಹೆಸರಿಂದ ಬರಲ್ಲ ಸಾರ್. ನಿಮ್ಮ ಹೆಸರಿನವರು ನಮ್ಮ ಶಾಖೆಯಲ್ಲೇ ಆರು ಜನ ಇದಾರೆ. ದುಡ್ಡು ಹೋಗೋದು ಖಾತೆ ಸಂಖ್ಯೆ ನೋಡಿ. ಕಂಪನಿಯವರು ಕಳಿಸಿದ್ರೆ ಅದಕ್ಕೊಂದು ರೆಫರೆನ್ಸ್ ನಂಬರ್ ಇರುತ್ತೆ. ಅವರನ್ನ ಕೇಳಿ, ತಗೊಂಡು ಬನ್ನಿ.”

ಅವನು ಒಮ್ಮೆಗೇ ಮೆತ್ತಗಾದ. ವಾದ ಮಾಡಲಿಲ್ಲ. ಕೌಂಟರಿಗೆ ದಾರದಲ್ಲಿ ಕಟ್ಟಿದ ಪೆನ್ನನ್ನು ಹಿಡಿದು ಎಳೆಯುತ್ತ ನಿಂತ. ಹತ್ತೊಂಬತ್ತು ವರ್ಷದಲ್ಲಿ ಅವನು ವಾದ ಮಾಡದೆ ಬಿಟ್ಟುಬಂದ ಮೊದಲ ಕೌಂಟರು ಅದು. ಅವಳಿಗೆ ಅಲ್ಲೇ ಅನುಮಾನ ಹತ್ತಿತು.

ಮನೆಗೆ ಬಂದವಳೇ ಕುರ್ಚಿಯ ಜೊತೆ ಬಂದಿದ್ದ ಬಿಲ್ಲನ್ನು ಹುಡುಕಿ ತೆಗೆದಳು. ಅದರ ಮೇಲೆ ಅಚ್ಚಾಗಿದ್ದ ಕಂಪನಿಯ ನಂಬರಿಗೆ ಅವನ ಫೋನಿನಿಂದಲೇ ಕರೆ ಮಾಡಿ, ಸ್ಪೀಕರ್ ಹಾಕಿ, ಊಟದ ಮೇಜಿನ ಮೇಲೆ ಇಟ್ಟಳು. ಹನ್ನೆರಡು ನಿಮಿಷ ಒಂದೇ ಸಂಗೀತ ಬಂತು. ಅವನು ಎರಡು ಸಲ ಏಳಲು ನೋಡಿದ. ಅವಳು ಎರಡು ಸಲವೂ ಅವನ ಮುಖ ನೋಡಿದಳು.

ಆ ಕಡೆಯಿಂದ ಒಬ್ಬ ಹುಡುಗಿಯ ದನಿ ಬಂತು. ಆರ್ಡರ್ ಸಂಖ್ಯೆ ಕೇಳಿ, ಹೆಸರು ಕೇಳಿ, ಸ್ವಲ್ಪ ಹೊತ್ತು ಟೈಪು ಮಾಡಿತು.

“ಮೇಡಂ, ನಾವು ಹಣ ಕಳಿಸಿದ್ವಿ. ಎರಡನೇ ದಿನವೇ ಬ್ಯಾಂಕಿಂದ ವಾಪಸ್ ಬಂದಿದೆ. ನೀವು ಕೊಟ್ಟ ಸಂಖ್ಯೆಯ ಖಾತೆ ಆ ಬ್ಯಾಂಕಲ್ಲಿ ಇಲ್ಲವೇ ಇಲ್ಲ ಅಂತ ಕಾರಣ ಕೊಟ್ಟಿದಾರೆ. ಸರಿಯಾದ ವಿವರ ಕೊಡಿ ಅಂತ ನಿಮಗೆ ಐದು ಮೆಸೇಜ್ ಕಳಿಸಿದೀವಿ.”

“ಇಲ್ಲವೇ ಇಲ್ಲವಾ? ನೀವು ಎರಡು ಸಲ ಬರೆಸಿಕೊಳ್ತೀರಲ್ಲಮ್ಮ ನಂಬರನ್ನ?”

“ಹೌದು ಮೇಡಂ. ಎರಡೂ ಸಲ ಒಂದೇ ನಂಬರ್ ಬಂದಿದೆ, ಅದಕ್ಕೇ ನಮಗೆ ತಪ್ಪು ಅಂತ ಗೊತ್ತಾಗ್ಲಿಲ್ಲ. ಪೂರ್ತಿ ಹೇಳೋ ಹಾಗಿಲ್ಲ, ಕೊನೆಯ ನಾಲ್ಕು ಅಂಕಿ ಹೇಳ್ತೀನಿ, ನೋಡ್ಕೊಳ್ಳಿ. ಏಳು, ಎರಡು, ಒಂಬತ್ತು, ಒಂಬತ್ತು.”

ಅವಳು ಪಾಸ್‌ಬುಕ್ ನೋಡಿದಳು. ಏಳು, ಎರಡು, ಆರು, ಮೂರು. ಕೈತಪ್ಪಿನಿಂದ ಆಗುವುದಲ್ಲ ಇದು. ಗಂಡನನ್ನು ನೋಡಿದಳು. ಅವನು ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ತಿಂಗಳ ರಜೆಗಳನ್ನು ಓದುತ್ತಿದ್ದ.

“ರೀ.”

“ಏನು?”

“ಒಂಬತ್ತು ಒಂಬತ್ತು ಎಲ್ಲಿಂದ ಬಂತು?”

“ಅದು… ಬೇಕಂತಲೇ ಹಾಕಿದ್ದು.”

“ಬೇಕಂತಲೇ?”

“ನೀನು ಕೂಗಾಡಬೇಡ, ಕೇಳು ಮೊದಲು. ಖಾತೆ ನಂಬರ್ ಸಿಕ್ಕಿದ್ರೆ ಇರೋಬರೋದನ್ನೆಲ್ಲ ಗುಡಿಸಿಕೊಂಡು ಹೋಗ್ತಾರೆ. ಪೇಪರಲ್ಲಿ ದಿನಾ ಬರುತ್ತೆ. ಅದಕ್ಕೆ ಕೊನೆಯ ಎರಡು ಅಂಕಿ ಬದಲಾಯಿಸಿದೆ. ಹೆಸರು ಸರಿಯಾಗಿದೆ, ಬ್ಯಾಂಕು ಸರಿಯಾಗಿದೆ, ಶಾಖೆ ಸರಿಯಾಗಿದೆ. ದುಡ್ಡು ಹಾಕೋರಾದ್ರೆ ಹೆಸರು ನೋಡಿ ಹಾಕ್ತಾರೆ. ಕದಿಯೋರಾದ್ರೆ ಸಿಕ್ಕಿಬೀಳ್ತಾರೆ.”

ಫೋನಿನ ಆ ಕಡೆ ಒಂದು ಸಣ್ಣ ಕೆಮ್ಮು ಕೇಳಿಸಿತು. ನಗುವನ್ನು ನುಂಗಿದಾಗ ಬರುವ ಕೆಮ್ಮು.

“ಅಂದ್ರೆ,” ಎಂದಳು ಅವಳು ಒಂದೊಂದೇ ಮಾತನ್ನು ಬಟ್ಟೆ ಒಣಹಾಕುವಂತೆ ಹರವುತ್ತ, “ಕಳ್ಳ ಬರಬಾರದು ಅಂತ ಮನೆ ವಿಳಾಸ ತಪ್ಪು ಬರೆಸಿ, ಆಮೇಲೆ ಪೋಸ್ಟು ಬರಲಿಲ್ಲ ಅಂತ ಬಾಗಿಲಲ್ಲಿ ಕಾಯ್ತಿದ್ರಿ. ಹದಿನೈದು ದಿನ. ನನ್ನ ದುಡ್ಡಿಗೆ.”

“ಬೇರೆ ಯಾರದ್ದಾದರೂ ಖಾತೆಗೆ ಹೋಗಲಿಲ್ಲವಲ್ಲ! ಅದು ನೋಡು ನೀನು.”

“ಅದು ನಿಮ್ಮ ಹುಷಾರಲ್ಲರೀ, ನನ್ನ ಪುಣ್ಯ.”

ಫೋನಿನ ಹುಡುಗಿ ಗಂಟಲು ಸರಿಮಾಡಿಕೊಂಡು ದಾರಿ ಹೇಳಿತು. ಆ್ಯಪನ್ನು ಮತ್ತೆ ಹಾಕಿಕೊಳ್ಳಬೇಕು. ಅದೇ ಫೋನ್ ನಂಬರಿನಿಂದ ಒಳಗೆ ಹೋಗಬೇಕು. ಒಮ್ಮೆ ಹಣ ಹಿಂದಿರುಗಿದ್ದರಿಂದ ಈ ಸಲ ಸಂಖ್ಯೆ ತುಂಬಿದರೆ ಸಾಲದು, ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ ಹಾಕಬೇಕು, ಹೆಸರು ಮತ್ತು ಸಂಖ್ಯೆ ಎರಡೂ ಕಾಣಬೇಕು. ಪರಿಶೀಲನೆ ಆದ ಮೇಲೆ ಐದರಿಂದ ಏಳು ಕೆಲಸದ ದಿನ.

ಐದರಿಂದ ಏಳು. ತಿಂಗಳಿಗೆ ಉಳಿದಿದ್ದುದು ಹತ್ತು ದಿನ, ಅದರ ನಡುವೆ ಎರಡು ದಿನ ರಜೆ. ಆಗುತ್ತದೆ. ಇವತ್ತೇ ಆದರೆ.

ಆ್ಯಪು ಬಂತು. ಒಳಗೆ ಹೋಗಲು ಒಂದು ಒಟಿಪಿ ಕೇಳಿತು. ಫೋನು ಟಿಣ್ ಎಂದ ಕೂಡಲೇ ಅವನು ಅದನ್ನು ಕಸಿದುಕೊಂಡು ಎದೆಗೆ ಒತ್ತಿಕೊಂಡ.

“ಒಟಿಪಿ ಯಾರಿಗೂ ಹೇಳಬಾರದು.”

“ನಾನು ಯಾರೋ ಅಲ್ಲರೀ.”

“ಯಾರಿಗೂ ಅಂದ್ರೆ ಯಾರಿಗೂ. ನಿಯಮ ಅಂದ್ರೆ ನಿಯಮ. ನಾನೇ ಮಾಡ್ತೀನಿ, ಫೋಟೋನೂ ನಾನೇ ಹಾಕ್ತೀನಿ. ಸರಿಯಾದ ನಂಬರೇ ಹಾಕ್ತೀನಿ, ಆಣೆಗೂ.”

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬಾಕೆ ತಲೆಗೆ ಟವೆಲ್ ಸುತ್ತಿಕೊಂಡು ಬಂದು ನಿಂತಿದ್ದಳು, ಬಣ್ಣ ಹಚ್ಚಿಸಿಕೊಳ್ಳಲು. ಹೆಂಡತಿ ಎದ್ದು ಬಚ್ಚಲಿಗೆ ಹೋದಳು. ತಾನು ಮಾಡಿದ ತಪ್ಪು ಅದೊಂದೇ ಎಂದು ಆಮೇಲೆ ತನ್ನನ್ನೇ ಬೈದುಕೊಂಡಳು.

ಎರಡು ದಿನದ ನಂತರ ಉತ್ತರ ಬಂತು: ಚಿತ್ರದಲ್ಲಿ ಖಾತೆ ಸಂಖ್ಯೆ ಪೂರ್ತಿಯಾಗಿ ಕಾಣುತ್ತಿಲ್ಲ, ದಯವಿಟ್ಟು ಮತ್ತೊಮ್ಮೆ ಕಳಿಸಿ.

ಅವಳು ಅವನು ಕಳಿಸಿದ್ದ ಚಿತ್ರ ತೆರೆದಳು. ಪಾಸ್‌ಬುಕ್ಕಿನ ಮೊದಲ ಪುಟ ಸ್ಪಷ್ಟವಾಗಿತ್ತು, ಬೆಳಕು ಚೆನ್ನಾಗಿತ್ತು, ಹೆಸರು, ಶಾಖೆ, ಬ್ಯಾಂಕಿನ ಮುದ್ರೆ ಎಲ್ಲ ಓದಬಹುದಿತ್ತು. ಖಾತೆ ಸಂಖ್ಯೆಯ ನಟ್ಟನಡುವೆ ಒಂದು ಹೆಬ್ಬೆರಳು ಕೂತಿತ್ತು. ಕತ್ತರಿ ಹಿಡಿದು ಹಿಡಿದು ಗೆಣ್ಣಿನ ಬಳಿ ಗಟ್ಟಿಯಾದ, ಅವಳು ಚೆನ್ನಾಗಿ ಬಲ್ಲ ಹೆಬ್ಬೆರಳು.

ಅವಳು ಫೋನನ್ನೂ ಪಾಸ್‌ಬುಕ್ಕನ್ನೂ ಹಿಡಿದುಕೊಂಡು ಅಂಗಡಿಗೆ ನಡೆದಳು. ಮೇಷ್ಟ್ರು, ಹಾರ್ಡ್‌ವೇರಿನವನು, ಇನ್ನೂ ಇಬ್ಬರು ಕೂತಿದ್ದರು. ಇಂಥದ್ದನ್ನು ಅವಳು ಯಾವಾಗಲೂ ಮನೆಯೊಳಗೇ ಮುಚ್ಚಿಡುತ್ತಿದ್ದಳು. ಬೀಗ ಒಡೆಸಿದ ಹಣ, ಮುನಿಸಿಕೊಂಡು ಹೋದ ಮಾರಾಟಗಾರರು, ತಪ್ಪು ನಂಬರಿನಿಂದಾಗಿ ತಪ್ಪಿಹೋದ ಮದುವೆಯ ಕರೆಗಳು, ಎಲ್ಲವನ್ನೂ. ಅವತ್ತು ಮುಚ್ಚಲಿಲ್ಲ.

“ಇದು ಯಾರ ಬೆರಳು?” ಎಂದಳು.

ಅವನು ಗಿರಾಕಿಯ ಕಿವಿಯ ಹಿಂದೆ ಕತ್ತರಿ ಹಿಡಿದವನು ಹಾಗೇ ನಿಂತ. “ಎಲ್ಲಾ ಅಂಕಿ ಕಾಣಿಸಿದ್ರೆ ಅಪಾಯ ಅಲ್ವಾ? ನಡುವಿನ ನಾಲ್ಕು ಮಾತ್ರ ಮುಚ್ಚಿದೆ. ಮಿಕ್ಕಿದ್ದು ಅವರೇ ಊಹಿಸ್ಕೊಳ್ಳಲಿ ಅಂತ.”

ಹಾರ್ಡ್‌ವೇರಿನವನು ಫೋನಿಗೆ ಬಗ್ಗಿ ನೋಡಿದ. ನೋಡಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ. ಪೇಪರು ಕುಣಿಯತೊಡಗಿತು. ಮೇಷ್ಟ್ರು, “ಮಾಸ್ಟ್ರೇ, ನೀವು ನನ್ನ ಗಡ್ಡಾನೂ ಹೀಗೇ ನಡುವೆ ಬಿಟ್ಟು ಬೋಳಿಸಿ, ಮಿಕ್ಕಿದ್ದನ್ನ ನಾನೇ ಊಹಿಸ್ಕೋತೀನಿ,” ಎಂದರು. ಅಂಗಡಿ ಒಡೆಯುವಂತೆ ನಕ್ಕಿತು. ಅವನೂ ಅರ್ಧ ನಗೆ ನಕ್ಕ. ನಕ್ಕರೆ ತಾನೂ ನಗುವವರ ಗುಂಪಿಗೆ ಸೇರಬಹುದೆಂದು ಅವನಿಗೆ ಅನ್ನಿಸಿರಬೇಕು.

ಅವಳು ನಗಲಿಲ್ಲ. “ಕತ್ತರಿ ಕೆಳಗಿಡಿ. ಕೈ ಬೆನ್ನ ಹಿಂದೆ ಕಟ್ಟಿಕೊಳ್ಳಿ,” ಎಂದಳು. ಅವನು ಕಟ್ಟಿಕೊಂಡ. ಪಾಸ್‌ಬುಕ್ಕನ್ನು ಕನ್ನಡಿಯ ಮುಂದಿನ ಹಲಗೆಯ ಮೇಲೆ, ಕ್ಷೌರದ ಬ್ರಷ್ಷಿನ ಪಕ್ಕ ಅಗಲವಾಗಿ ತೆರೆದಿಟ್ಟು ಫೋಟೋ ತೆಗೆದಳು. ಹನ್ನೊಂದು ಅಂಕಿಯನ್ನು ಒಂದೊಂದಾಗಿ ಒತ್ತಿದಳು, ಮತ್ತೊಮ್ಮೆ ಒತ್ತಿದಳು. ಮೇಷ್ಟ್ರು ಕನ್ನಡಕ ಏರಿಸಿ ತಾಳೆ ನೋಡಿ, “ಸರಿಯಾಗಿದೆಯಮ್ಮ,” ಎಂದರು. ನಾಲ್ಕು ಗಂಡಸರ ಎದುರು ತನ್ನ ಖಾತೆ ಸಂಖ್ಯೆ ಬಟ್ಟಬಯಲಾಗುವುದನ್ನು ಹುಷಾರಪ್ಪ ಬೆವರುತ್ತ ನೋಡಿದ. ಆ ಖಾತೆಯಲ್ಲಿ ಆಗ ಇದ್ದದ್ದು ಮುನ್ನೂರ ಹನ್ನೆರಡು.

ಕಳೆದ ಎರಡು ದಿನವನ್ನು ಮಾತ್ರ ಯಾರೂ ವಾಪಸು ಕೊಡುವಂತಿರಲಿಲ್ಲ. ತಿಂಗಳ ಕೊನೆಯ ದಿನ ಮಧ್ಯಾಹ್ನದವರೆಗೂ ದುಡ್ಡು ಬರಲಿಲ್ಲ. ಆ್ಯಪಿನಲ್ಲಿ ‘ಪರಿಶೀಲನೆ ಮುಗಿದಿದೆ, ಹಣ ಕಳಿಸಲಾಗುತ್ತಿದೆ’ ಎಂದಿತ್ತು. ಕಳಿಸಲಾಗುತ್ತಿದೆ ಎನ್ನುವುದನ್ನು ಕೈಯಲ್ಲಿ ಹಿಡಿದು ಯಾರಿಗೂ ಕೊಡಲಾಗುವುದಿಲ್ಲ. ಅವಳು ಕೈ ಒರೆಸಿಕೊಂಡು ಮಹಡಿಯ ಮೆಟ್ಟಿಲು ಹತ್ತಲು ಹೊರಟಳು.

ಕೆಳಗಿನ ಮೆಟ್ಟಿಲಲ್ಲಿ ಅವನು ಅಡ್ಡ ನಿಂತ. “ಕಂಪನಿಯವರು ಮೋಸ ಮಾಡಿದ್ರು ಅಂತ ಹೇಳು. ನಾನು ಆಗಲೇ ಹಾಗೇ ಹೇಳಿದೀನಿ ಅವರಿಗೆ. ಎರಡು ಮಾತಾದ್ರೆ ಚೆನ್ನಾಗಿರಲ್ಲ.”

“ನಿಮ್ಮ ಮರ್ಯಾದೆ ಉಳಿಸೋದಾ, ಕೋಣೆ ಉಳಿಸೋದಾ?”

“ಎರಡೂ ಉಳಿಯೋ ಹಾಗೆ ಹೇಳು.”

“ಅಷ್ಟು ಜಾಣೆಯಲ್ಲ ನಾನು,” ಎಂದು ಅವನನ್ನು ಬಳಸಿಕೊಂಡು ಹತ್ತಿದಳು.

ಮಹಡಿಯಮ್ಮ ಬಾಲ್ಕನಿಯಲ್ಲಿ ಕೂತು ಕಾಲಿನ ಉಗುರು ಕತ್ತರಿಸಿಕೊಳ್ಳುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಮೊಬೈಲ್ ರಿಪೇರಿಯವನು ಒಂದು ಲಕೋಟೆ ಹಿಡಿದು ಕೂತಿದ್ದ. ಅವಳನ್ನು ನೋಡಿ ಲಕೋಟೆಯನ್ನು ತೊಡೆಯ ಮೇಲೆ ಸ್ವಲ್ಪ ಮುಂದಕ್ಕೆ ಸರಿಸಿಕೊಂಡ.

“ಬಾರೇ. ಕುರ್ಚಿ ಬಂತಾ?”

“ಇಲ್ಲಮ್ಮ.”

“ಕಂಪನಿಯವರು ನುಂಗಿಹಾಕಿದ್ರಂತಲ್ಲ. ನಿನ್ನ ಗಂಡ ಹೇಳ್ದ. ಹಾಗಾದ್ರೆ ಇನ್ನೇನು ಬರುತ್ತೆ ಬಿಡು ಅದು. ಇವನಿಗೆ ಕೊಡೋಣ ಅಂತ…”

ಆ ಸುಳ್ಳಿನಿಂದಲೇ ಕೋಣೆ ಕೈ ಜಾರುತ್ತಿದೆ ಎನ್ನುವುದು ಅವಳಿಗೆ ಅಲ್ಲಿ ನಿಂತ ಕಾಲಲ್ಲಿ ಹೊಳೆಯಿತು. ನುಂಗಿದ ದುಡ್ಡಿಗೆ ಯಾರು ಕಾಯುತ್ತಾರೆ?

“ಯಾರೂ ನುಂಗಿಲ್ಲಮ್ಮ,” ಎಂದಳು. “ಕಂಪನಿಯವರು ಯಾವತ್ತೋ ಕಳಿಸಿದ್ರು. ನಮ್ಮನೆಯವರು ಖಾತೆ ಸಂಖ್ಯೆ ತಪ್ಪು ಕೊಟ್ಟಿದ್ರು. ಗೊತ್ತಿಲ್ಲದೆ ಅಲ್ಲ, ಗೊತ್ತಿದ್ದೇ. ಕಳ್ಳರನ್ನ ಹಿಡಿಯೋಕೆ.” ಶುರು ಮಾಡಿದವಳು ನಿಲ್ಲಿಸಲಿಲ್ಲ. ಒಂಬತ್ತು ಒಂಬತ್ತು, ಬ್ಲಾಕ್ ಮಾಡಿದ ಮೆಸೇಜು, ಕಿತ್ತುಹಾಕಿದ ಆ್ಯಪು, ಹೆಬ್ಬೆರಳು, ಎಲ್ಲವನ್ನೂ ಹೇಳಿದಳು. ದನಿ ಏರಿಸಲಿಲ್ಲ. ಕೊನೆಗೆ ಫೋನು ತೆಗೆದು, “ನೋಡಿ, ಈಗ ಸರಿಯಾಗಿದೆ. ಇನ್ನು ಮೂರ್ನಾಲ್ಕು ದಿನ,” ಎಂದು ತೋರಿಸಿದಳು.

ಮಹಡಿಯಮ್ಮ ಹೆಬ್ಬೆರಳಿನ ಚಿತ್ರವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಳು. ಅವಳಿಗೆ ನಗು ಹೊಟ್ಟೆಯಿಂದ ಮೇಲೆ ಬರಲು ಸ್ವಲ್ಪ ಸಮಯ ಹಿಡಿಯಿತು. ಬಂದ ಮೇಲೆ ಉಗುರು ಕತ್ತರಿ ಕೈಯಿಂದ ಬಿತ್ತು. ರಿಪೇರಿಯವನೂ ನಕ್ಕ, ಮೊದಲು ಮರ್ಯಾದೆಗೆ, ಆಮೇಲೆ ತಡೆಯಲಾರದೆ.

ಕಣ್ಣೊರೆಸಿಕೊಂಡು ಮಹಡಿಯಮ್ಮ ಗಂಭೀರಳಾದಳು. “ಇಂಥವನ ಜೊತೆ ಇದ್ದೂ ಮೂರು ವರ್ಷದಲ್ಲಿ ಹದಿನಾಲ್ಕು ಸಾವಿರ ಉಳಿಸಿದೀಯ ಅಂದ್ರೆ ನೀನು ನನಗೆ ಬಾಡಿಗೆ ತಪ್ಪಿಸಲ್ಲ ಬಿಡು. ಇನ್ನೊಂದು ವಾರ. ಬೀಗದ ಕೈ ಇವತ್ತೇ ತಗೊಂಡು ಹೋಗು, ಗೋಡೆಗೆ ಸುಣ್ಣ ಹೊಡೆಸ್ಕೋ. ಅವನ ಕೈಗೆ ಮಾತ್ರ ಕೊಡಬೇಡ. ಮತ್ತೆ ಬೀಗ ಒಡೆಸಬೇಕಾಗುತ್ತೆ.” ರಿಪೇರಿಯವನು ಲಕೋಟೆಯನ್ನು ಜೇಬಿಗೆ ಇಟ್ಟುಕೊಂಡು, “ಅಕ್ಕಾ, ನಿಮ್ಮ ಯಜಮಾನ್ರು ಫೋನ್ ರಿಪೇರಿಗೆ ಕೊಟ್ಟಾಗ ಪಾಸ್‌ವರ್ಡೂ ಹೀಗೇ ತಪ್ಪು ಬರೆದುಕೊಟ್ಟಿದ್ರು. ಎರಡು ದಿನ ಒದ್ದಾಡಿದೀನಿ,” ಎಂದು ನಿಟ್ಟುಸಿರು ಬಿಟ್ಟ.

ದುಡ್ಡು ನಾಲ್ಕನೆಯ ದಿನ ಬಂತು. ಗಂಡ ಕೂಡಲೇ ಫೋನು ಹಿಡಿದು ಬಂದು, ಇನ್ನೊಂದು ಕಡೆ ಅಂಥದೇ ಕುರ್ಚಿ ಎಂಟುನೂರು ಕಡಿಮೆಗೆ ಇದೆ, ಕ್ಯಾಶ್ ಆನ್ ಡೆಲಿವರಿ ಕೂಡ ಇದೆ ಎಂದ. ಅವಳು ಉತ್ತರ ಕೊಡದೆ ಅವನನ್ನು ಬ್ಯಾಂಕಿಗೆ ಕರೆದುಕೊಂಡು ಹೋಗಿ, ಪಕ್ಕದಲ್ಲಿ ನಿಂತು ಚೀಟಿ ಬರೆಸಿ ಹಣ ತೆಗೆಸಿದಳು. ಅಲ್ಲಿಂದ ಒಬ್ಬಳೇ ಪೇಟೆಗೆ ಹೋದಳು. ಅಂಗಡಿಯಲ್ಲಿ ಮೂರು ಕುರ್ಚಿಗಳ ಮೇಲೆ ಕೂತು, ಒರಗಿ, ಬೇಸಿನ್ನಿಗೆ ನೀರು ಹೊಯ್ಸಿ ನೋಡಿ, ಎರಡನೆಯದನ್ನು ಸಾಮಾನಿನ ಗಾಡಿಗೆ ಹಾಕಿಸಿಕೊಂಡು ಬಂದಳು.

ನಲ್ಲಿ ಜೋಡಿಸಿದ್ದು ಮುಗಿದಾಗ ಮಧ್ಯಾಹ್ನ ಮೂರು ಗಂಟೆ. ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಮೊದಲ ಹೆಂಗಸರು ನಾಲ್ಕಕ್ಕೆ ಬರುವವರಿದ್ದರು. ನೀರಿನ ಬಿಸಿ, ಒತ್ತಡ, ಒರಗಿನ ಎತ್ತರ ಎಲ್ಲ ಒಮ್ಮೆ ನೋಡಬೇಕಿತ್ತು, ಅದಕ್ಕೊಂದು ತಲೆ ಬೇಕಿತ್ತು. ಬಾಗಿಲಲ್ಲಿ ಗಂಡ ನಿಂತು ಬೇಸಿನ್ನಿನ ಅಂಚನ್ನು ದೂರದಿಂದಲೇ ಪರೀಕ್ಷಿಸುತ್ತಿದ್ದ.

“ಬನ್ನಿ, ಕೂತ್ಕೊಳ್ಳಿ,” ಎಂದಳು.

ಅವನು ಕೂತ. ಹಿಂದಕ್ಕೆ ಒರಗಿದ. ದಿನಕ್ಕೆ ಇಪ್ಪತ್ತು ಜನರಿಗೆ “ಕತ್ತು ಸಡಿಲ ಬಿಡಿ” ಎಂದು ಹೇಳುವವನ ಕತ್ತು ಬೇಸಿನ್ನಿನ ಹಳ್ಳಕ್ಕೆ ಎರಡು ಬೆರಳಿನಷ್ಟು ಮೇಲೆ, ಗಾಳಿಯಲ್ಲಿ, ಮರದ ಕೊರಡಿನಂತೆ ನಿಂತಿತು. ಕಣ್ಣು ತೆರೆದೇ ಇತ್ತು.

“ಬಿಡ್ರೀ ಕತ್ತನ್ನ. ಬೀಳಲ್ಲ.”

“ಬಿಟ್ಟೇ ಇದೀನಲ್ಲ.”

ಅವಳು ಸ್ವಲ್ಪ ಹೊತ್ತು ಕಾದಳು. ಕತ್ತು ಇಳಿಯಲಿಲ್ಲ. ಅವಳು ನಲ್ಲಿ ತಿರುಗಿಸಿದಳು. ಉಗುರು ಬೆಚ್ಚಗಿನ ನೀರು ಅವನ ನೆತ್ತಿಯ ಮೇಲೆ ಬಿದ್ದು, ಕೂದಲಿನಲ್ಲಿ ಹರಿದು, ಬೇಸಿನ್ನಿಗೂ ಕತ್ತಿಗೂ ನಡುವೆ ಉಳಿದ ಆ ಎರಡು ಬೆರಳಿನ ಜಾಗದಲ್ಲಿ ದಾರಿ ಕಂಡುಕೊಂಡು, ಅಂಗಿಯ ಕಾಲರಿನೊಳಗೆ ಇಳಿದು ಬೆನ್ನಿನ ತನಕ ಹೋಯಿತು. “ಅಯ್ಯೋ, ಸೋರ್ತಿದೆ ಕಣೇ! ಇದೂ ಒಡೆದದ್ದೇ! ನಾನು ಹೇಳಲಿಲ್ವಾ?” ಎಂದು ಅವನು ಕೂಗಿದ.

ಅವಳು ಬೇಸಿನ್ನಿನ ಅಡಿಗೆ ಕೈ ಹಾಯಿಸಿ ನೋಡಿದಳು. ಒಣಗಿತ್ತು. ಒರಗಿನ ಎತ್ತರ ಸರಿಯಾಗಿತ್ತು, ನೀರಿನ ಬಿಸಿಯೂ ಸರಿಯಾಗಿತ್ತು. ನಲ್ಲಿಯನ್ನು ಇನ್ನೂ ಒಂದು ಸುತ್ತು ತಿರುಗಿಸಿದಳು.